132 ಅಕ್ಷರದ ಜಾಗದಲ್ಲಿ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು

ಪ್ರಶ್ನೆ: ನುಡಿ ಮತ್ತು ಬರಹದ ಹಳೆಯ ಆಸ್ಕಿ ಪಠ್ಯವನ್ನು ಯೂನಿಕೋಡ್ ಮಾಡುವ ಒಂದು ಕ್ರೋಮ್ ಎಕ್ಸ್‌ಟೆನ್ಶನ್ ಬರೆದಿದ್ದೇನೆ. ಪುಟದಲ್ಲಿ ಪಠ್ಯವನ್ನು ಆಯ್ದು ಬಲ ಕ್ಲಿಕ್ ಮಾಡಿದರೆ ಸಾಕು. ‘ಕನ್ನಡ ಪರಿವರ್ತಕ – ಲಿಪಿದಾರಿ’ ಎಂದು ಹೆಸರಿಟ್ಟೆ. ಹಾಕಿಕೊಂಡವರಲ್ಲಿ ಹೆಚ್ಚಿನವರು ‘ಇಂಗ್ಲಿಷಿನಿಂದ ಕನ್ನಡಕ್ಕೆ ಆಗುವುದಿಲ್ಲ’ ಎಂದು ಒಂದು ನಕ್ಷತ್ರ ಕೊಟ್ಟು ತೆಗೆದುಹಾಕುತ್ತಾರೆ. ನಿಜವಾಗಿ ಬೇಕಾದ ಡಿಟಿಪಿಯವರು, ಕಚೇರಿಯವರು ಬರುತ್ತಲೇ ಇಲ್ಲ. ಸಣ್ಣ ವಿವರಣೆಯನ್ನು ಕನ್ನಡದಲ್ಲಿ ಬರೆದರೆ 132 ಅಕ್ಷರ ಮೀರಿದೆ ಎಂದು ಅಪ್‌ಲೋಡ್ ನಿಲ್ಲುತ್ತದೆ. ನಾನು ಎಣಿಸಿದರೆ ಜಾಗ, ಚುಕ್ಕೆ ಸೇರಿ 89 ಮಾತ್ರ. ಆ ವಿವರಣೆ ಹೀಗಿದೆ: ‘ಕನ್ನಡಿಗರಿಗಾಗಿ ಕನ್ನಡಿಗರೇ ರೂಪಿಸಿದ ಅತ್ಯುತ್ತಮ, ಅತಿ ವೇಗದ, ಸಂಪೂರ್ಣ ಉಚಿತ ಕನ್ನಡ ಪರಿವರ್ತಕ. ಒಂದೇ ಕ್ಲಿಕ್ಕಿನಲ್ಲಿ ನಿಮ್ಮ ಎಲ್ಲ ಕನ್ನಡ ಪಠ್ಯವನ್ನು ಸುಲಭವಾಗಿ ಪರಿವರ್ತಿಸಿಕೊಳ್ಳಿ.’ ಹೆಸರು, ವಿವರಣೆ ಎರಡನ್ನೂ ಹೇಗೆ ಬರೆಯಲಿ?

ಉತ್ತರ: ಮೊದಲು ಎಣಿಕೆಯ ವಿಷಯ ಮುಗಿಸೋಣ, ಏಕೆಂದರೆ ಅದು ಬಗೆಹರಿಯದೆ ಮುಂದಿನ ಮಾತೆಲ್ಲ ಗಾಳಿಯಲ್ಲಿ ಉಳಿಯುತ್ತದೆ. ನೀವು ಎಣಿಸಿದ್ದೂ ಸರಿ, ಕ್ರೋಮ್ ಅಂಗಡಿ ಎಣಿಸಿದ್ದೂ ಸರಿ. ನೀವು ಕಣ್ಣಿಗೆ ಕಾಣುವ ಅಕ್ಷರಗಳನ್ನು ಎಣಿಸುತ್ತಿದ್ದೀರಿ. ಅಂಗಡಿ ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತದೆ. ಅದರ ಲೆಕ್ಕದಲ್ಲಿ ‘ಕಿ’ ಎಂಬುದು ಕಕಾರ ಒಂದು, ಗುಡಿಸು ಒಂದು, ಒಟ್ಟು ಎರಡು. ‘ನ್ನ’ ಎಂಬುದು ನಕಾರ, ಅರ್ಧಾಕ್ಷರದ ಹಲಂತ ಚಿಹ್ನೆ, ಮತ್ತೆ ನಕಾರ, ಒಟ್ಟು ಮೂರು. ಹಾಗಾಗಿ ‘ಕನ್ನಡ’ ನಮಗೆ ಮೂರಕ್ಷರ, ಅಂಗಡಿಗೆ ಐದು. ಬ್ರೌಸರಿನ ಕನ್ಸೋಲ್ ತೆರೆದು ನೋಡಿ:

```js
"ಕನ್ನಡ".length               // 5
"ಕ್ಲಿಕ್ಕಿನಲ್ಲಿ".length          // 13
"ಪರಿವರ್ತಿಸಿಕೊಳ್ಳಿ".length      // 16
```

‘ಕ್ಲಿಕ್ಕಿನಲ್ಲಿ’ ಎಂಬ ಒಂದೇ ಪದದಲ್ಲಿ ಕಣ್ಣಿಗೆ ನಾಲ್ಕು, ಲೆಕ್ಕಕ್ಕೆ ಹದಿಮೂರು. ನೀವು ಕಳಿಸಿದ ವಿವರಣೆಯ ಒಟ್ಟು ಮೊತ್ತ 154. ಮಿತಿಗಿಂತ 22 ಹೆಚ್ಚು. ಒತ್ತಕ್ಷರ ಮತ್ತು ಸ್ವರಚಿಹ್ನೆ ಧಾರಾಳವಾಗಿರುವ ನಮ್ಮ ಬರವಣಿಗೆಯಲ್ಲಿ 132 ಎಂದರೆ ಕಣ್ಣಿಗೆ ಕಾಣುವ 75–80 ಅಕ್ಷರ ಎಂದು ಅಂದಾಜು ಇಟ್ಟುಕೊಂಡು ಬರೆಯಲು ಕೂರುವುದು ಒಳ್ಳೆಯದು. ಅಂತಿಮ ಲೆಕ್ಕವನ್ನು ಮಾತ್ರ ಕನ್ಸೋಲಿಗೇ ಬಿಡಿ, ಬೆರಳೆಣಿಕೆ ಬೇಡ.

ಇದರಲ್ಲೇ ಇನ್ನೊಂದು ಸಣ್ಣ ಬಲೆಯಿದೆ. ‘ಯೂನಿಕೋಡ್‌ಗೆ’ ಎಂದು ಬರೆಯುವಾಗ ಗಕಾರ ಒತ್ತಾಗದಿರಲಿ ಎಂದು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕುತ್ತೇವಲ್ಲ, ಅದಕ್ಕೂ ಒಂದು ಅಕ್ಷರದ ಬಾಡಿಗೆ ಕಟ್ಟಬೇಕು. ಜೊತೆಗೆ ‘ಕೋ’ದಂತಹ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಮೂರು ಸಂಕೇತವಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಬೇರೆ ಬೇರೆ ತಂತ್ರಾಂಶಗಳಿಂದ ನಕಲಿಸಿ ಅಂಟಿಸಿದ ಪಠ್ಯ ಕೆಲವೊಮ್ಮೆ ಬಿಡಿಸಿದ ರೂಪದಲ್ಲಿ ಬಂದಿರುತ್ತದೆ. ಅಪ್‌ಲೋಡಿಗೆ ಮುಂಚೆ `normalize("NFC")` ಹಾಕಿ ಕೂಡಿದ ರೂಪಕ್ಕೆ ತಂದುಕೊಳ್ಳಿ. ಇದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಕೆಳಗೆ ನಿಮ್ಮದೇ ವಿವರಣೆಯಲ್ಲಿ ತೋರಿಸುತ್ತೇನೆ.

ಈಗ ಮುಖ್ಯ ವಿಷಯ. ನಿಮ್ಮ ವಿವರಣೆಯ ಮೊದಲ 65 ಸಂಕೇತಗಳು, ಅಂದರೆ ‘ಕನ್ನಡಿಗರಿಗಾಗಿ’ಯಿಂದ ‘ಉಚಿತ’ದವರೆಗೆ, ಎಕ್ಸ್‌ಟೆನ್ಶನ್ ಏನು ಮಾಡುತ್ತದೆ ಎಂಬುದರ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಸಿಕ್ಕ ಜಾಗದಲ್ಲಿ ಅರ್ಧ ಅಲ್ಲೇ ಖರ್ಚಾಯಿತು. ಉಳಿದರ್ಧ ಹೇಳುವುದು ‘ಕನ್ನಡ ಪಠ್ಯವನ್ನು ಪರಿವರ್ತಿಸಿ’ ಎಂದಷ್ಟೇ. ಯಾವುದರಿಂದ, ಯಾವುದಕ್ಕೆ? ಅದು ಗೊತ್ತಿಲ್ಲದವರು ತಮಗೆ ಬೇಕಾದುದನ್ನೇ ಅಲ್ಲಿ ಓದಿಕೊಳ್ಳುತ್ತಾರೆ. ಅನುವಾದ ಬೇಕಾದವರಿಗೆ ಅದು ಅನುವಾದಕ. ಇಂಗ್ಲಿಷ್ ಕೀಲಿಗಳಲ್ಲಿ ಕನ್ನಡ ಟೈಪ್ ಮಾಡಬೇಕಾದವರಿಗೆ ಟೈಪಿಂಗ್ ಉಪಕರಣ. ಫಾಂಟ್ ಬದಲಿಸಬೇಕಾದವರಿಗೆ ಫಾಂಟ್ ಬದಲಿಸುವ ಸಾಧನ. ಒಂದು ನಕ್ಷತ್ರ ಕೊಟ್ಟವರ ಮೇಲೆ ನೀವು ಕೋಪಿಸಿಕೊಳ್ಳುವ ಹಾಗಿಲ್ಲ. ಹೆಸರು ಅವರನ್ನು ಕರೆಯಿತು, ಅವರು ಬಂದರು.

ಹಾಗಾದರೆ ನಿಮಗೆ ಬೇಕಾದವರು ಯಾರು? ಹಳೆಯ ಸುತ್ತೋಲೆಯನ್ನು ವರ್ಡ್ ಕಡತದಿಂದ ನಕಲಿಸಿ ಇಮೇಲ್ ಪೆಟ್ಟಿಗೆಗೆ ಅಂಟಿಸಿದಾಗ ಅಲ್ಲಿ ‘PÀ£ÀßqÀ’ ಎಂಬಂತಹ ಗೋಜಲು ಮೂಡಿದ್ದನ್ನು ನೋಡಿ ಕೈಚೆಲ್ಲಿ ಕುಳಿತ ಗುಮಾಸ್ತರು. ಲೇಖಕರು ನುಡಿಯಲ್ಲಿ ಟೈಪ್ ಮಾಡಿ ಕಳಿಸಿದ ಲೇಖನವನ್ನು ಜಾಲತಾಣಕ್ಕೆ ಏರಿಸಬೇಕಾದ ಉಪಸಂಪಾದಕರು. ಆಮಂತ್ರಣ ಪತ್ರಿಕೆಯ ಹಳೆಯ ಕಡತದಿಂದ ನಾಲ್ಕು ಸಾಲು ತೆಗೆದು ವಾಟ್ಸ್ಆ್ಯಪ್ ವೆಬ್ಬಿನಲ್ಲಿ ಗ್ರಾಹಕರಿಗೆ ಕಳಿಸಬೇಕಾದ ಡಿಟಿಪಿಯವರು. ಇವರಲ್ಲಿ ಕೆಲವರು ‘ಆಸ್ಕಿ’, ‘ಯೂನಿಕೋಡ್’ ಎಂಬ ಪದಗಳನ್ನು ದಿನಬೆಳಗಾದರೆ ಬಳಸುತ್ತಾರೆ. ಇನ್ನು ಕೆಲವರಿಗೆ ಆ ಪದಗಳೇ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ತಮ್ಮ ತಂತ್ರಾಂಶದ ಹೆಸರು ಮತ್ತು ಕಣ್ಣೆದುರಿನ ಗೋಜಲು. ಈ ಎರಡು ಗುಂಪಿಗೂ ಒಂದೊಂದು ಹಿಡಿಕೆ ಕೊಡುವುದೇ ನೀವು ಮಾಡಬೇಕಾದ ಕೆಲಸ. ಹೆಸರಿನಲ್ಲಿ ತಿಳಿದವರ ಪದಗಳಿರಲಿ, ವಿವರಣೆಯಲ್ಲಿ ತಿಳಿಯದವರ ಲಕ್ಷಣವಿರಲಿ.

ಹೆಸರಿಗೆ ಕ್ರೋಮ್ ಅಂಗಡಿಯಲ್ಲಿ ಈಗ 75 ಸಂಕೇತಗಳ ಜಾಗವಿದೆ. ಹಿಂದೆ 45 ಇತ್ತು. ಜಾಗ ಹೆಚ್ಚಾಯಿತೆಂದು ಅದನ್ನೆಲ್ಲ ತುಂಬಿಸುವ ಅಗತ್ಯವಿಲ್ಲ. ಹುಡುಕಾಟದ ಫಲಿತಾಂಶಗಳ ಚೌಕದಲ್ಲೂ ಬ್ರೌಸರಿನ ಎಕ್ಸ್‌ಟೆನ್ಶನ್ ಪಟ್ಟಿಯಲ್ಲೂ ಉದ್ದ ಹೆಸರಿನ ಬಾಲ ಕತ್ತರಿಸಿಹೋಗುತ್ತದೆ. ಹೆಸರು ಅಂಗಡಿಯ ಬೋರ್ಡು ಮಾತ್ರವಲ್ಲ ಎಂಬುದನ್ನೂ ನೆನಪಿಡಿ. ಹಾಕಿಕೊಳ್ಳುವ ಮುಂಚೆ ‘ಇದನ್ನು ಸೇರಿಸಲೇ?’ ಎಂದು ಕ್ರೋಮ್ ಕೇಳುವ ಪೆಟ್ಟಿಗೆಯಲ್ಲಿ ಇರುವುದು ಅದೇ ಹೆಸರು. ಆರು ತಿಂಗಳ ನಂತರ `chrome://extensions` ಪುಟದಲ್ಲಿ ‘ಇದು ಯಾವುದು, ತೆಗೆಯಲೇ?’ ಎಂದು ಬಳಕೆದಾರರು ಯೋಚಿಸುವಾಗ ಕಾಣುವುದೂ ಅದೇ. ನಾನು ಹೀಗೆ ಇಡುತ್ತೇನೆ:

```
ಲಿಪಿದಾರಿ: ನುಡಿ-ಬರಹ ಆಸ್ಕಿಯಿಂದ ಯೂನಿಕೋಡ್‌ಗೆ
```

ಕಾಣದ ಆ ಚಿಹ್ನೆಯೂ ಸೇರಿ ಇದು 40. ‘ಪರಿವರ್ತಕ’ ಎಂಬ ಪದವೇ ಇಲ್ಲದಿರುವುದನ್ನು ಗಮನಿಸಿ. ‘ಇಂದ’ ಮತ್ತು ‘ಗೆ’ ಎಂಬ ಎರಡು ವಿಭಕ್ತಿಗಳು ಆ ಕೆಲಸವನ್ನು ಮಾಡಿಬಿಡುತ್ತವೆ, ಅದೂ ದಿಕ್ಕು ತೋರಿಸಿ. ಎಲ್ಲಿಂದ ಎಲ್ಲಿಗೆ ಎಂದು ಹೇಳಿದ ಮೇಲೆ ಅನುವಾದ ಹುಡುಕಿ ಬಂದವರು ತಾವಾಗಿಯೇ ಮುಂದೆ ಹೋಗುತ್ತಾರೆ.

‘ಲಿಪಿದಾರಿ’ ಯಾರಿಗೂ ಗೊತ್ತಿಲ್ಲದ ಹೆಸರು, ಅದನ್ನೇಕೆ ಮುಂದಿಡಬೇಕು ಎಂದು ನೀವು ಕೇಳಬಹುದು. ಹೆಸರು ಉದ್ದವಾಗಿದ್ದರೆ ನಾನೂ ಹಿಂದಕ್ಕೆ ತಳ್ಳುತ್ತಿದ್ದೆ. ಇದು ಎಂಟೇ ಸಂಕೇತ, ಬಾಲ ಕತ್ತರಿಸಿದರೂ ‘ನುಡಿ-ಬರಹ’ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಕಾರಣ ಬೇರೆಯದು. ನುಡಿ ಕನ್ನಡ ಗಣಕ ಪರಿಷತ್ತು ರೂಪಿಸಿದ ತಂತ್ರಾಂಶ. ಬರಹವೂ ಬೇರೊಬ್ಬರದು. ನಿಮ್ಮ ಹೆಸರು ‘ನುಡಿ’ಯಿಂದಲೇ ಶುರುವಾದರೆ ಅದು ಅವರದೇ ಅಧಿಕೃತ ಉಪಕರಣ ಎಂಬ ಭಾವನೆ ಬರುತ್ತದೆ. ಬೇರೆಯವರ ಹೆಸರಿನಲ್ಲಿ ಕಾಣಿಸಿಕೊಳ್ಳುವುದನ್ನು ಅಂಗಡಿಯ ನಿಯಮ ಒಪ್ಪುವುದಿಲ್ಲ. ನಿಮ್ಮ ಹೆಸರು ಮೊದಲು ಬಂದು ನಂತರ ‘ಯಾವುದರ ಪಠ್ಯ’ ಎಂದು ಹೇಳಲು ಮಾತ್ರ ಅವರ ಹೆಸರು ಬಂದರೆ ಓದುವವರಿಗೆ ಗೊಂದಲವಿಲ್ಲ. ‘ಕ್ರೋಮ್’ ಎಂಬ ಪದವನ್ನಂತೂ ಹಾಕಲೇಬೇಡಿ. ಆ ಅಂಗಡಿಯಲ್ಲಿರುವುದೆಲ್ಲ ಕ್ರೋಮಿನದೇ.

ಇನ್ನು ‘ಶ್ರೀಲಿಪಿ’ಯನ್ನೂ ಸೇರಿಸುವ ಆಸೆ ಬರಬಹುದು, ಹುಡುಕುವವರು ಹೆಚ್ಚುತ್ತಾರಲ್ಲ ಎಂದು. ನುಡಿ ಮತ್ತು ಬರಹದ ಹಳೆಯ ಫಾಂಟುಗಳ ಸಂಕೇತವಿನ್ಯಾಸ ಬಹುಮಟ್ಟಿಗೆ ಒಂದೇ, ಅದಕ್ಕೇ ನಿಮ್ಮ ಒಂದೇ ಪಟ್ಟಿ ಎರಡನ್ನೂ ನಿಭಾಯಿಸುತ್ತದೆ. ಶ್ರೀಲಿಪಿಯದು ಬೇರೆ. ನಿಮ್ಮ ಪಟ್ಟಿಯಲ್ಲಿ ಅದು ನಿಜವಾಗಿ ಇಲ್ಲದಿದ್ದರೆ ಹೆಸರಿನಲ್ಲೂ ಬೇಡ, ವಿವರಣೆಯಲ್ಲೂ ಬೇಡ. ಆ ಪಠ್ಯ ಹಾಕಿದವರಿಗೆ ಸಿಗುವುದು ಗೋಜಲಿನ ಮೇಲೆ ಇನ್ನೊಂದು ಗೋಜಲು. ಅವರು ನಿಮ್ಮ ಉಪಕರಣ ಕೆಟ್ಟಿದೆ ಎಂದೇ ಬರೆಯುತ್ತಾರೆ.

ಸಣ್ಣ ವಿವರಣೆಗೆ ಬರೋಣ. ಅದರಲ್ಲಿ ನಾಲ್ಕು ಸಂಗತಿ ಹೇಳಬೇಕು. ಯಾವ ತೊಂದರೆಗೆ, ಬಳಕೆದಾರರು ಏನು ಮಾಡಬೇಕು, ಏನು ಸಿಗುತ್ತದೆ, ಏನು ಸಿಗುವುದಿಲ್ಲ. ತೊಂದರೆಯನ್ನು ವರ್ಣಿಸುವುದಕ್ಕಿಂತ ತೋರಿಸುವುದು ಅಗ್ಗ. ‘ಹಳೆಯ ಫಾಂಟಿನ ಪಠ್ಯ ಸರಿಯಾಗಿ ಕಾಣದಿದ್ದಾಗ’ ಎಂದು ಬರೆಯಲು ಮೂವತ್ತೈದು ಸಂಕೇತ ಬೇಕು. `PÀ£ÀßqÀ` ಎಂದು ಹಾಕಲು ಏಳೇ ಸಾಕು. ಆ ಗೋಜಲನ್ನು ಕಂಡವರು ಸಾಲುಸಾಲು ಫಲಿತಾಂಶಗಳ ನಡುವೆಯೂ ಅದನ್ನು ಥಟ್ಟನೆ ಗುರುತಿಸುತ್ತಾರೆ. ಕಾಣದವರಿಗೆ ಅದು ಏನೂ ಅರ್ಥವಾಗುವುದಿಲ್ಲ, ಅವರು ಒಳಗೆ ಬರುವುದಿಲ್ಲ. ಬೇಕಾದವರನ್ನು ಕರೆಯುವುದು, ಬೇಡದವರನ್ನು ಬಿಡುವುದು ಎರಡೂ ಏಳು ಸಂಕೇತಗಳಲ್ಲಿ ಮುಗಿಯುತ್ತದೆ. ಇದನ್ನು ಯಾರೂ ಹುಡುಕಾಟದ ಪೆಟ್ಟಿಗೆಯಲ್ಲಿ ಟೈಪ್ ಮಾಡುವುದಿಲ್ಲ, ನಿಜ. ಹುಡುಕುವವರಿಗೆ ಬೇಕಾದ ಪದಗಳನ್ನು ಹೆಸರು ಆಗಲೇ ಹೊತ್ತಿದೆ.

ಹೀಗೆ ಕೂಡಿಸಿದ ಮೊದಲ ಕರಡು:

```
PÀ£ÀßqÀ ಎಂದು ಕಾಣುವ ನುಡಿ, ಬರಹ ಪಠ್ಯವನ್ನು ಆಯ್ದು ಬಲ ಕ್ಲಿಕ್ ಮಾಡಿದರೆ ಯೂನಿಕೋಡ್ ಕನ್ನಡವಾಗುತ್ತದೆ. ಪಠ್ಯ ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗದು. ಅನುವಾದವಲ್ಲ.
```

ಇದರ ಮೊತ್ತ 134. ಎರಡು ಹೆಚ್ಚು. ಇಂತಹ ಸಮಯದಲ್ಲಿ ಚುಕ್ಕೆ, ಅಲ್ಪವಿರಾಮ, ಪದಗಳ ನಡುವಣ ಜಾಗ ತಿಂದು ಹೊಂದಿಸುವ ಚಪಲ ಬರುತ್ತದೆ. ‘ಬಲಕ್ಲಿಕ್’ ಎಂದು ಅಂಟಿಸಿ, ಕೊನೆಯ ಚುಕ್ಕೆ ತೆಗೆದು ನಿಖರವಾಗಿ 132ಕ್ಕೆ ತರಬಹುದು. ಅದಕ್ಕಿಂತ ಕೆಲಸವಿಲ್ಲದೆ ಕುಳಿತ ಪದವನ್ನು ಹುಡುಕುವುದು ಮೇಲು. ಇಲ್ಲಿ ಅದು ‘ನಿಮ್ಮ’. ಬೇರೆ ಯಾರ ಕಂಪ್ಯೂಟರಿನ ಮಾತೂ ಇಲ್ಲಿಲ್ಲ. ಅದನ್ನೂ ಅದರ ಪಕ್ಕದ ಜಾಗವನ್ನೂ ತೆಗೆದರೆ ಆರು ಉಳಿಯುತ್ತದೆ:

```
PÀ£ÀßqÀ ಎಂದು ಕಾಣುವ ನುಡಿ, ಬರಹ ಪಠ್ಯವನ್ನು ಆಯ್ದು ಬಲ ಕ್ಲಿಕ್ ಮಾಡಿದರೆ ಯೂನಿಕೋಡ್ ಕನ್ನಡವಾಗುತ್ತದೆ. ಪಠ್ಯ ಕಂಪ್ಯೂಟರ್ ಬಿಟ್ಟು ಹೋಗದು. ಅನುವಾದವಲ್ಲ.
```

ಈಗ 128. ಮೇಲೆ ಹೇಳಿದ ಬಿಡಿಸಿದ ರೂಪದ ಮಾತನ್ನು ಇಲ್ಲಿ ಪರೀಕ್ಷಿಸಿ ನೋಡಿ. ಇದೇ ಸಾಲಿಗೆ `normalize("NFD").length` ಕೇಳಿದರೆ 135 ಬರುತ್ತದೆ. ‘ಕೋ’ ಮತ್ತು ‘ಹೋ’ ಎರಡೆರಡು ಹೆಚ್ಚಿಸುತ್ತವೆ, ಮೂರು `À` ಒಂದೊಂದು ಹೆಚ್ಚಿಸುತ್ತವೆ. ಪರದೆಯ ಮೇಲೆ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದೆ ಅಪ್‌ಲೋಡ್ ನಿಲ್ಲುವುದು ಹೀಗೆ.

‘ಪಠ್ಯ ಕಂಪ್ಯೂಟರ್ ಬಿಟ್ಟು ಹೋಗದು’ ಎಂಬ ಮಾತನ್ನು ನಾನು ಅಲಂಕಾರಕ್ಕೆ ಇಟ್ಟಿಲ್ಲ. ಕಚೇರಿಯ ಕಡತ, ಅಚ್ಚಾಗದ ಲೇಖನ ಕೈಯಲ್ಲಿರುವವರಿಗೆ ಅದನ್ನು ಯಾವುದೋ ಜಾಲತಾಣದ ಪೆಟ್ಟಿಗೆಗೆ ಸುರಿಯಲು ಅಳುಕಿರುತ್ತದೆ. ಅವರು ಎಕ್ಸ್‌ಟೆನ್ಶನ್ ಹುಡುಕುವುದಕ್ಕೆ ಅದೂ ಒಂದು ಕಾರಣ. ಆದರೆ ಈ ಮಾತು ನಿಜವಾಗಿದ್ದರೆ ಮಾತ್ರ ಬರೆಯಿರಿ. ಅಕ್ಷರಪಟ್ಟಿ ನಿಮ್ಮ ಪೊಟ್ಟಣದೊಳಗೇ ಇದ್ದು, ಪರಿವರ್ತನೆ ಬ್ರೌಸರಿನಲ್ಲೇ ನಡೆಯಬೇಕು. ದೋಷ ವರದಿಗೆಂದು ಬಳಕೆದಾರರ ಪಠ್ಯದ ತುಣುಕನ್ನು ಎಲ್ಲಿಗೂ ಕಳಿಸುತ್ತಿರಬಾರದು. ಡೆವಲಪರ್ ಡ್ಯಾಶ್‌ಬೋರ್ಡಿನ ಖಾಸಗಿತನದ ಪುಟದಲ್ಲಿ ನೀವು ತುಂಬಿದ ಉತ್ತರಗಳೂ ಇದಕ್ಕೆ ತಾಳೆಯಾಗಬೇಕು.

ಕೇಳುವ ಅನುಮತಿಯೂ ವಿವರಣೆಯ ಭಾಗವೇ ಎಂದು ನಾನು ಹೇಳುತ್ತೇನೆ. ನೀವು ಎಲ್ಲ ಜಾಲತಾಣಗಳ ಮೇಲೂ ಅಧಿಕಾರ ಕೇಳಿದರೆ, ಹಾಕಿಕೊಳ್ಳುವ ಪೆಟ್ಟಿಗೆಯಲ್ಲಿ ‘ಎಲ್ಲ ಜಾಲತಾಣಗಳಲ್ಲಿರುವ ನಿಮ್ಮ ಮಾಹಿತಿಯನ್ನು ಓದಬಲ್ಲದು, ಬದಲಿಸಬಲ್ಲದು’ ಎಂಬ ಎಚ್ಚರಿಕೆ ಬರುತ್ತದೆ. ‘ಪಠ್ಯ ಎಲ್ಲೂ ಹೋಗದು’ ಎಂದು ಓದಿ ಬಂದವರು ಅದನ್ನು ಕಂಡು ಹಿಂದೆ ಸರಿಯುವುದು ಸಹಜ. ನಿಮ್ಮದು ಬಲ ಕ್ಲಿಕ್ಕಿನ ಕೆಲಸ. `contextMenus`, `activeTab`, `scripting` ಮೂರೇ ಸಾಕು. ಬಳಕೆದಾರರು ಮೆನು ಒತ್ತಿದಾಗ ಆ ಒಂದು ಪುಟಕ್ಕೆ ಮಾತ್ರ ಪ್ರವೇಶ ಸಿಗುತ್ತದೆ, ಆ ಎಚ್ಚರಿಕೆಯೂ ಬರುವುದಿಲ್ಲ.

‘ಅನುವಾದವಲ್ಲ’ ಎಂಬುದಕ್ಕೆ ಚುಕ್ಕೆ ಸೇರಿ 11 ಖರ್ಚಾಗಿದೆ. ಏನು ಮಾಡುವುದಿಲ್ಲ ಎಂದು ಹೇಳಲು ಇಷ್ಟು ಜಾಗ ಕೊಡಬೇಕೇ? ಎಲ್ಲರಿಗೂ ನಾನು ಇದನ್ನು ಸೂಚಿಸುವುದಿಲ್ಲ. ನಿಮ್ಮ ವಿಮರ್ಶೆಗಳಲ್ಲಿ ಒಂದೇ ತಪ್ಪು ತಿಳಿವಳಿಕೆ ಮತ್ತೆ ಮತ್ತೆ ಬಂದಿದೆ, ಆದ್ದರಿಂದ ಸೂಚಿಸುತ್ತಿದ್ದೇನೆ. ಹೊಸ ಹೆಸರು ಬಂದು ಆ ದೂರು ನಿಂತ ಮೇಲೆ ಅದನ್ನು ತೆಗೆದು ಬೇರೆ ಉಪಯುಕ್ತ ಮಾತು ಹಾಕಬಹುದು. ಉದಾಹರಣೆಗೆ ವರ್ಡ್ ಕಡತವನ್ನು ಇಡಿಯಾಗಿ ಬದಲಿಸುವುದಿಲ್ಲ ಎಂಬುದು ಮುಂದಿನ ದೂರಾಗಬಹುದು. ಅದು ಬಂದಾಗ ನೋಡಿಕೊಳ್ಳೋಣ.

ಇಷ್ಟು ಹೊತ್ತು ಕನ್ನಡದ ಸಾಲು ತಿದ್ದಿದೆವು. ಈಗ ಸ್ವಲ್ಪ ಕಹಿ ಮಾತು. ನಿಮಗೆ ಬೇಕಾದವರಲ್ಲಿ ಅನೇಕರು ಈ ಕನ್ನಡದ ಸಾಲನ್ನು ನೋಡದೇ ಇರಬಹುದು. ಅಂಗಡಿ ತೋರಿಸುವುದು ನೋಡುವವರು ಆರಿಸಿಕೊಂಡ ಭಾಷೆಯ ಪಠ್ಯವನ್ನು. ಕನ್ನಡದಲ್ಲೇ ದಿನವಿಡೀ ಕೆಲಸ ಮಾಡುವ ಡಿಟಿಪಿ ಅಂಗಡಿಗೆ ಹೋಗಿ ನೋಡಿ. ಕಂಪ್ಯೂಟರೂ ಬ್ರೌಸರೂ ಇಂಗ್ಲಿಷಿನಲ್ಲೇ ಇರುತ್ತವೆ. ಹುಡುಕುವುದೂ `nudi to unicode` ಎಂದು ರೋಮನ್ ಅಕ್ಷರಗಳಲ್ಲಿ. ಆದ್ದರಿಂದ ಇಂಗ್ಲಿಷ್ ಪಠ್ಯವನ್ನು ಕನ್ನಡದ ನೆರಳೆಂದು ಕೊನೆಯಲ್ಲಿ ಗೀಚಬೇಡಿ. ಅದೇ ಹೆಚ್ಚು ಕಣ್ಣಿಗೆ ಬೀಳುವ ಬೋರ್ಡು. `_locales/en/messages.json` ಕಡತಕ್ಕೆ ನನ್ನ ಸಲಹೆ:

```json
{
  "appName": {
    "message": "Lipidari: Nudi & Baraha ASCII to Kannada Unicode"
  },
  "appDesc": {
    "message": "Fix Nudi or Baraha text showing as PÀ£ÀßqÀ: select, right-click, get Kannada Unicode. Text never leaves your PC. Not a translator."
  }
}
```

ಹೆಸರು 48, ವಿವರಣೆ 130. ಕನ್ನಡ ಹೆಸರಿನಲ್ಲಿ ‘ಕನ್ನಡ’ ಎಂಬ ಪದ ಇರಲಿಲ್ಲ. ಕನ್ನಡದಲ್ಲೇ ಓದುತ್ತಿರುವವರಿಗೆ ಅದನ್ನು ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಅದು ಬೇಕೇ ಬೇಕು, ಏಕೆಂದರೆ ಹಿಂದಿ, ತಮಿಳು, ತೆಲುಗಿಗೂ ಇಂತಹ ಹಳೆಯ ಫಾಂಟುಗಳ ಪರಿವರ್ತಕಗಳಿವೆ. ಹೀಗೆ ಎರಡು ಭಾಷೆಯ ಪಠ್ಯ ಒಂದನ್ನೊಂದು ಪದಕ್ಕೆ ಪದ ಹಿಂಬಾಲಿಸಬೇಕಿಲ್ಲ. ಹೇಳುವ ಸಂಗತಿ ಮಾತ್ರ ಒಂದೇ ಇರಬೇಕು.

ಕನ್ನಡದ ಸಾಲುಗಳನ್ನು ಇದೇ ಮಾದರಿಯಲ್ಲಿ `_locales/kn/messages.json` ಕಡತದಲ್ಲಿಡಿ. ಮ್ಯಾನಿಫೆಸ್ಟಿನಲ್ಲಿ ಬರೆಯುವುದು ಇಷ್ಟೇ:

```json
"name": "__MSG_appName__",
"short_name": "Lipidari",
"description": "__MSG_appDesc__",
"default_locale": "en"
```

ಇಲ್ಲಿ ಹೊಸಬರು ಮುಗ್ಗರಿಸುವ ಒಂದು ಜಾಗವಿದೆ. `messages.json` ಕಡತದ ಪ್ರತಿ ನಮೂದಿನಲ್ಲೂ `message` ಜೊತೆಗೆ `description` ಎಂಬ ಇನ್ನೊಂದು ಸಾಲು ಹಾಕಬಹುದು. ಅದು ಅನುವಾದಕರಿಗೆ ಬಿಡುವ ಟಿಪ್ಪಣಿ. ಅಂಗಡಿಯಲ್ಲಿ ಕಾಣುವ ವಿವರಣೆಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿ ತಿದ್ದಿ, ಅಂಗಡಿಯಲ್ಲಿ ಏಕೆ ಬದಲಾಗಲಿಲ್ಲ ಎಂದು ಹುಡುಕುತ್ತಾ ಕೂರುವವರಿದ್ದಾರೆ. `short_name` ಜಾಗ ಸಾಲದ ಕಡೆ ಬಳಸಲು, ಹನ್ನೆರಡು ಸಂಕೇತದೊಳಗಿದ್ದರೆ ಒಳ್ಳೆಯದು.

ಹೆಸರು ಮತ್ತು ಸಣ್ಣ ವಿವರಣೆಯನ್ನು ಡ್ಯಾಶ್‌ಬೋರ್ಡಿನಲ್ಲಿ ನೇರವಾಗಿ ತಿದ್ದಲು ಆಗುವುದಿಲ್ಲ ಎಂಬುದು ನಿಮ್ಮ ಗಮನಕ್ಕೆ ಆಗಲೇ ಬಂದಿರಬಹುದು. ಅವು ಪೊಟ್ಟಣದಿಂದಲೇ ಬರುತ್ತವೆ. ಒಂದು ಅಲ್ಪವಿರಾಮ ಬದಲಿಸಲೂ ಆವೃತ್ತಿ ಸಂಖ್ಯೆ ಏರಿಸಿ ಮತ್ತೆ ಅಪ್‌ಲೋಡ್ ಮಾಡಿ ಪರಿಶೀಲನೆಗೆ ಕಾಯಬೇಕು. ಡ್ಯಾಶ್‌ಬೋರ್ಡಿನಲ್ಲಿ ತಿದ್ದಲು ಸಿಗುವುದು ಉದ್ದ ವಿವರಣೆ ಮಾತ್ರ. ಯಾವ ಫಾಂಟುಗಳು, ಯಾವ ಅಕ್ಷರಗಳಲ್ಲಿ ಇನ್ನೂ ತೊಡಕಿದೆ, ಪಿಡಿಎಫ್‌ನಿಂದ ನಕಲಿಸಿದ ಪಠ್ಯದಲ್ಲಿ ಒತ್ತಕ್ಷರ ಏಕೆ ಚದುರುತ್ತದೆ ಎಂಬುದೆಲ್ಲ ಅಲ್ಲಿರಲಿ.

ಅಲ್ಲಿ ಜಾಗ ಧಾರಾಳವಾಗಿದೆ ಎಂದು `nudi to unicode, baraha to unicode, kannada converter, kannada typing, kannada font` ಎಂದು ಪದಗಳ ಸರಮಾಲೆ ಕಟ್ಟಬೇಡಿ. ಹುಡುಕಾಟದಲ್ಲಿ ಮೇಲೆ ಬರಲು ಪದ ತುರುಕುವುದನ್ನು ಕ್ರೋಮ್ ಅಂಗಡಿ ಸ್ಪ್ಯಾಮ್ ಎಂದು ಪರಿಗಣಿಸುತ್ತದೆ. ಒಂದೇ ಪದವನ್ನು ಅಸಹಜವಾಗಿ ಐದಕ್ಕಿಂತ ಹೆಚ್ಚು ಬಾರಿ ಬಳಸುವುದನ್ನೂ ಅದೇ ಸಾಲಿಗೆ ಸೇರಿಸಿದೆ. ತಿರಸ್ಕಾರದ ಪತ್ರದಲ್ಲಿ `Yellow Argon` ಎಂಬ ಸಂಕೇತನಾಮ ಕಂಡರೆ ಕಾರಣ ಇದೇ. ನಿಮ್ಮ ವಿಷಯದಲ್ಲಿ ‘ಕನ್ನಡ’ ಮತ್ತು ‘ಯೂನಿಕೋಡ್’ ಸಹಜವಾಗಿಯೇ ಮತ್ತೆ ಮತ್ತೆ ನುಸುಳುತ್ತವೆ. ಉದ್ದ ವಿವರಣೆ ಬರೆದ ಮೇಲೆ ಒಮ್ಮೆ ಅವನ್ನು ಎಣಿಸಿ ನೋಡಿ.

ಇದೇ ಪೊಟ್ಟಣವನ್ನು ಎಡ್ಜ್ ಅಂಗಡಿಗೂ ಹಾಕುವುದಾದರೆ ಅಲ್ಲೂ ಹೆಸರು ಮತ್ತು ಸಣ್ಣ ವಿವರಣೆ ಮ್ಯಾನಿಫೆಸ್ಟಿನಿಂದಲೇ ಬರುತ್ತವೆ. ಹುಡುಕುಪದಗಳಿಗೆ ಮಾತ್ರ ಅಲ್ಲಿ ಪ್ರತ್ಯೇಕ ಜಾಗವಿದೆ, ಹೆಸರಿನಲ್ಲಿ ಹಿಡಿಸದ `nudi converter` ಮುಂತಾದವನ್ನು ಅಲ್ಲಿಡಬಹುದು. ಫೈರ್‌ಫಾಕ್ಸ್ ಅಂಗಡಿಯ ಸಾರಾಂಶಕ್ಕೆ 250 ಸಂಕೇತಗಳ ಅವಕಾಶವಿದೆ. ಅಲ್ಲಿ ‘ನಿಮ್ಮ’ ಎಂಬುದನ್ನು ಮರಳಿ ತರಬಹುದು, ಬೇಕೆನಿಸಿದರೆ.

ಪ್ರಕಟವಾದ ಮೇಲೆ ನಿಮ್ಮ ಅಂಗಡಿ ಪುಟದ ವಿಳಾಸದ ಕೊನೆಗೆ `?hl=kn` ಮತ್ತು `?hl=en` ಹಾಕಿ ಎರಡೂ ರೂಪವನ್ನು ನೋಡಿ. `À` ಮತ್ತು `£` ಬೇರೆ ಚಿಹ್ನೆಯಾಗಿ ಕಂಡರೆ `messages.json` ಕಡತ ಯುಟಿಎಫ್-8ರಲ್ಲಿ ಉಳಿದಿಲ್ಲ ಎಂದರ್ಥ. ಗೋಜಲನ್ನು ಸರಿಪಡಿಸುವ ಉಪಕರಣದ ಬೋರ್ಡೇ ಗೋಜಲಾದರೆ ನೋಡಿದವರು ನಗುತ್ತಾರೆ.

ಆಮೇಲೆ ಡ್ಯಾಶ್‌ಬೋರ್ಡಿನ ಅಂಕಿಗಳನ್ನು ಒಂದಕ್ಕೊಂದು ಜೋಡಿಸಿ ಓದಿ. ಫಲಿತಾಂಶದಲ್ಲಿ ಕಾಣಿಸಿಕೊಂಡ ಸಂಖ್ಯೆ ಸಾಕಷ್ಟಿದ್ದು ಪುಟ ತೆರೆದವರು ಕಡಿಮೆಯಿದ್ದರೆ ದೋಷ ಹೆಸರಿನಲ್ಲೋ ಸಣ್ಣ ವಿವರಣೆಯಲ್ಲೋ ಇದೆ. ಪುಟ ತೆರೆದವರು ಹಾಕಿಕೊಳ್ಳದಿದ್ದರೆ ಚಿತ್ರಗಳನ್ನೂ ಅನುಮತಿಗಳನ್ನೂ ನೋಡಿ. ಹಾಕಿಕೊಂಡು ತೆಗೆಯುತ್ತಿದ್ದರೆ, ಮತ್ತು ಉಪಕರಣ ಸರಿಯಾಗಿ ಕೆಲಸ ಮಾಡುತ್ತಿದ್ದರೆ, ಇನ್ನೂ ತಪ್ಪು ಜನರೇ ಬರುತ್ತಿದ್ದಾರೆ. ನಿಮ್ಮ ಈಗಿನ ಸ್ಥಿತಿ ಮೂರನೆಯದು. ಹೊಸ ಹೆಸರಿನ ನಂತರ ಹಾಕಿಕೊಳ್ಳುವವರ ಒಟ್ಟು ಸಂಖ್ಯೆ ಇಳಿಯುವ ಸಾಧ್ಯತೆ ಹೆಚ್ಚು, ಏಕೆಂದರೆ ಅನುವಾದ ಹುಡುಕುವವರು ಬರುವುದನ್ನು ನಿಲ್ಲಿಸುತ್ತಾರೆ. ಅದನ್ನು ಕಂಡು ಗಾಬರಿಯಾಗಿ ‘ಕನ್ನಡ ಪರಿವರ್ತಕ’ಕ್ಕೆ ಮರಳಬೇಡಿ. ತೆಗೆದುಹಾಕುವವರ ಪ್ರಮಾಣ ಇಳಿಯಿತೇ, ವಿಮರ್ಶೆಗಳಲ್ಲಿ ನುಡಿ, ಬರಹ, ಒತ್ತಕ್ಷರ, ಅರ್ಕಾವತ್ತು ಎಂಬ ಮಾತುಗಳು ಬರತೊಡಗಿದವೇ ಎಂಬುದನ್ನು ನೋಡಿ. ‘ಅರ್ಕಾವತ್ತು ಇರುವ ಕಡೆ ಅಕ್ಷರ ಹಿಂದುಮುಂದಾಗುತ್ತದೆ’ ಎಂದು ಯಾರಾದರೂ ಎರಡು ನಕ್ಷತ್ರ ಕೊಟ್ಟು ಬೈದರೆ, ಬರಬೇಕಾದವರು ಬಂದಿದ್ದಾರೆ. ಅಲ್ಲಿಂದ ಮುಂದಿನದು ಕೋಡಿನ ಕೆಲಸ.